ಕ್ಯಾಶ್‌ಲೆಸ್ ಬಿಲ್ಲಿನಲ್ಲಿ ಕೈಯಿಂದ ಹೋದ 31,750 ರೂಪಾಯಿ

ಡಿಸ್ಚಾರ್ಜ್ ದಿನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಬರುವ ಮಾತು ಬಹಳ ಚಿಕ್ಕದು. ‘ಅಪ್ರೂವಲ್ ಬಂತು ಸಾರ್, ಬಾಕಿ ಇಷ್ಟು ಕಟ್ಟಿಬಿಡಿ.’ ಬಾಕಿ ಯಾಕೆ ಎಂದು ಕೇಳಿದರೆ ಉತ್ತರ ಇನ್ನೂ ಚಿಕ್ಕದು: ‘ನಾನ್-ಪೇಯಬಲ್ ಸಾರ್.’ ಅಷ್ಟರಲ್ಲಿ ರೋಗಿ ಬಟ್ಟೆ ಬದಲಿಸಿ ಕೂತಿರುತ್ತಾರೆ, ಊರಿಂದ ಬಂದ ಕಾರು ಕೆಳಗೆ ಕಾಯುತ್ತಿರುತ್ತದೆ. ಯಾರೂ ಜಗಳಕ್ಕೆ ನಿಲ್ಲುವ ಹೊತ್ತಲ್ಲ ಅದು. ಕಟ್ಟಿ ಹೊರಡುತ್ತಾರೆ.

ನನ್ನ ತಕರಾರು ಆ ‘ನಾನ್-ಪೇಯಬಲ್’ ಎಂಬ ಒಂದೇ ಹೆಸರಿನ ಮೇಲೆ. ರೋಗಿ ಕೈಯಿಂದ ಕಟ್ಟುವ ಹಣ ಒಂದೇ ಜಾತಿಯದಲ್ಲ. ಅದರಲ್ಲಿ ಕೆಲವು ಪಾಲಿಸಿಯ ಪ್ರಕಾರ ನಾವೇ ಕೊಡಬೇಕಾದ್ದು. ಕೆಲವು ಆಸ್ಪತ್ರೆ ಕೇಳಲೇಬಾರದಾಗಿದ್ದದ್ದು. ಕೆಲವು ವಿಮಾ ಕಂಪನಿ ಲೆಕ್ಕ ತಪ್ಪಿ ಕಡಿದದ್ದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಟ್ಟರೆ ಯಾವುದು ವಾಪಸ್ ಬರಬೇಕಾದ ದುಡ್ಡು ಎಂದು ಗೊತ್ತಾಗುವುದೇ ಇಲ್ಲ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಕಾವೇರಿ ದಾಟಿದರೆ ಕುಶಾಲನಗರ, ಪಕ್ಕದಲ್ಲಿ ಬೈಲಕುಪ್ಪೆ. ಜ್ವರ, ಗಾಯಕ್ಕೆ ಕುಶಾಲನಗರ ಸಾಕು. ಮೂಳೆ ಮುರಿದರೆ, ಎದೆನೋವು ಬಂದರೆ ಹುಣಸೂರಿನ ಮೇಲೆ ಮೈಸೂರಿಗೇ ಓಡಬೇಕು. ಈ ಸೀಮೆಯಲ್ಲಿ ಮುಖ್ಯ ದುಡ್ಡು ಹೊಗೆಸೊಪ್ಪಿನದು. ಅದು ಕೈಗೆ ಬರುವುದು ಹರಾಜು ಮಾರುಕಟ್ಟೆ ತೆರೆದ ಮೇಲೆ, ಮಳೆಗಾಲ ಇಳಿದ ನಂತರ. ಸೊಪ್ಪು ಬೇಯಿಸುವ ದಿನಗಳಲ್ಲಿ ಮನೆಯಲ್ಲಿ ಕಾಸಿರುವುದಿಲ್ಲ, ಸೌದೆಗೂ ಕೂಲಿಗೂ ಸಾಲವೇ. ಅಂಥ ಹೊತ್ತಿನಲ್ಲಿ ಬ್ಯಾರನ್ನಿನೊಳಗೆ ಸೊಪ್ಪಿನ ಕಡ್ಡಿ ಏರಿಸುತ್ತಿದ್ದ ಅರವತ್ತೆರಡರ ರೈತ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್, ಒಳಗೆ ರಾಡ್, ಐದು ದಿನ ವಾಸ. ಬಿಲ್ಲು 1,60,000 ರೂಪಾಯಿ. ಮನೆಯವರು ಮಾಡಿಸಿದ್ದ ಪಾಲಿಸಿ 2 ಲಕ್ಷದ್ದು. ಬಿಲ್ಲಿಗಿಂತ ಪಾಲಿಸಿ ದೊಡ್ಡದಿದೆ, ಹಾಗಾಗಿ ಒಂದು ಪೈಸೆಯೂ ಕೈಯಿಂದ ಹೋಗದು ಎಂದೇ ಅವರ ಎಣಿಕೆ.

ಪಾಲಿಸಿಯ ಹೆಸರು ‘ಆರೋಗ್ಯ ಸಂಜೀವಿನಿ’ ಎಂದುಕೊಳ್ಳೋಣ. ಅದನ್ನೇ ಆರಿಸಿದ್ದಕ್ಕೆ ಕಾರಣವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಹೆಸರಲ್ಲಿ, ಒಂದೇ ಷರತ್ತಿನಲ್ಲಿ ಮಾರುವಂತೆ ಮಾಡಿದ ಪಾಲಿಸಿ ಇದು. ಕಂತು ಮಾತ್ರ ಕಂಪನಿಗೊಂದು. ಹಾಗಾಗಿ ಇದರ ಲೆಕ್ಕ ಒಮ್ಮೆ ಅರ್ಥವಾದರೆ ಬೇರೆ ಪಾಲಿಸಿಯ ಕಾಗದ ಓದುವುದೂ ಸುಲಭ. ಇದರಲ್ಲಿ ನಮಗೆ ಬೇಕಾದ ಷರತ್ತು ಎರಡು. ಕೋಣೆಯ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 2, ಅದೂ ಹೆಚ್ಚೆಂದರೆ 5,000 ರೂಪಾಯಿ. ಮತ್ತೆ, ಯಾವ ವಯಸ್ಸಿನವರೇ ಆಗಲಿ, ಪ್ರತಿ ಕ್ಲೇಮಿನಲ್ಲೂ ಶೇಕಡಾ 5 ಕೋ-ಪೇಮೆಂಟ್.

2 ಲಕ್ಷದ ಶೇಕಡಾ 2 ಎಂದರೆ ದಿನಕ್ಕೆ 4,000. ನಮ್ಮ ರೈತರಿಗೆ ಸಿಕ್ಕ ಕೋಣೆ 5,000ದ್ದು. ‘ದಿನಕ್ಕೆ ಸಾವಿರ ತಾನೇ, ಐದು ದಿನಕ್ಕೆ ಐದು ಸಾವಿರ, ಕೊಟ್ಟರಾಯಿತು’ ಎಂದು ಮಗ ಒಪ್ಪಿ ಸಹಿ ಹಾಕಿದ. ಇಡೀ ಬಿಲ್ಲಿನಲ್ಲಿ ಅತಿ ದುಬಾರಿಯಾದದ್ದು ಆ ಸಹಿಯೇ.

ಯಾಕೆಂದರೆ ಕೋಣೆಯ ದರ ಕೋಣೆಗಷ್ಟೇ ನಿಲ್ಲುವುದಿಲ್ಲ. ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಸರ್ಜನ್ ಫೀಜು, ಅರಿವಳಿಕೆ ವೈದ್ಯರ ಫೀಜು, ಆಪರೇಷನ್ ಥಿಯೇಟರ್ ಬಾಡಿಗೆ, ನರ್ಸಿಂಗ್, ವೈದ್ಯರ ಭೇಟಿ ಎಲ್ಲವೂ ಕೋಣೆಯ ದರ್ಜೆಗೆ ತಕ್ಕಂತೆ ಏರುತ್ತವೆ. ಅದೇ ಡಾಕ್ಟರು, ಅದೇ ಥಿಯೇಟರು, ಆದರೆ ಜನರಲ್ ವಾರ್ಡಿನವರಿಗೆ ಒಂದು ದರ, ಸಿಂಗಲ್ ರೂಮಿನವರಿಗೆ ಇನ್ನೊಂದು. ಅದಕ್ಕೇ ವಿಮಾ ಕಂಪನಿ ಹೇಳುತ್ತದೆ: ನಿಮಗೆ ಅರ್ಹವಾದ ಕೋಣೆ 4,000ದ್ದು, ತಗೊಂಡದ್ದು 5,000ದ್ದು, ಆದ್ದರಿಂದ ಕೋಣೆಗೆ ಅಂಟಿಕೊಂಡ ಎಲ್ಲ ಖರ್ಚಿನಲ್ಲೂ ಐದರಲ್ಲಿ ನಾಲ್ಕು ಪಾಲು ಮಾತ್ರ ನಮ್ಮದು. ಇದಕ್ಕೆ ಡೆಸ್ಕಿನವರ ಮಾತಿನಲ್ಲಿ ‘ಪ್ರೊಪೋರ್ಷನೇಟ್ ಡಿಡಕ್ಷನ್’, ಅನುಪಾತದ ಕಡಿತ.

ಈಗ ಬಿಲ್ಲನ್ನು ಬಿಡಿಸೋಣ. ಕೋಣೆ ಬಾಡಿಗೆ 25,000. ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ ಇತ್ಯಾದಿ ಕೂಡಿ 70,000. ಒಳಗೆ ಹಾಕಿದ ರಾಡು, ಸ್ಕ್ರೂ 30,000. ಔಷಧಿ ಮತ್ತು ಬಳಕೆ ಸಾಮಾನು 22,000. ಎಕ್ಸ್‌ರೇ, ರಕ್ತಪರೀಕ್ಷೆ 13,000. ಒಟ್ಟು 1,60,000.

ಕೋಣೆಯಲ್ಲಿ ದಿನಕ್ಕೆ ಸಾವಿರದಂತೆ 5,000 ಹೋಯಿತು. 70,000ದಲ್ಲಿ ಐದನೇ ಒಂದು ಪಾಲು, 14,000, ಹೋಯಿತು. ಔಷಧಿ-ಸಾಮಾನಿನ 22,000ದಲ್ಲಿ 6,000 ‘ನಾನ್-ಪೇಯಬಲ್’ ಎಂದು ಹೊಡೆದು ಹಾಕಿದರು. ಉಳಿದದ್ದು 1,35,000. ಇದು ಕಂಪನಿ ಒಪ್ಪಿದ ಮೊತ್ತ. ಅದರ ಮೇಲೆ ಶೇಕಡಾ 5 ಕೋ-ಪೇಮೆಂಟ್ 6,750. ಕಂಪನಿ ಆಸ್ಪತ್ರೆಗೆ ಕೊಡುವುದು 1,28,250. ರೈತರ ಮನೆಯವರು ಕಟ್ಟುವುದು 31,750. ಕೋಣೆಯ ದಿನಕ್ಕೆ ಸಾವಿರದ ವ್ಯತ್ಯಾಸ ಐದು ಸಾವಿರದಲ್ಲಿ ಮುಗಿಯಲಿಲ್ಲ, ಹತ್ತೊಂಬತ್ತು ಸಾವಿರಕ್ಕೆ ಮುಟ್ಟಿತು.

ಇಲ್ಲಿ ನಿಂತು ಒಂದೊಂದೇ ಮೊತ್ತವನ್ನು ತಿರುಗಿಸಿ ನೋಡಬೇಕು.

ಕೋ-ಪೇಮೆಂಟಿನ 6,750 ನ್ಯಾಯವಾದದ್ದೇ. ಪಾಲಿಸಿ ಕೊಳ್ಳುವಾಗಲೇ ಒಪ್ಪಿಕೊಂಡ ಪಾಲು, ಅದಕ್ಕೇ ಕಂತು ಕಡಿಮೆ. ನೋಡಬೇಕಾದ್ದು ಯಾವ ಮೊತ್ತದ ಮೇಲೆ ಹಾಕಿದ್ದಾರೆ ಎಂದು. ಎಲ್ಲ ಕಡಿತ ಮುಗಿದು ಉಳಿದ ಒಪ್ಪಿತ ಮೊತ್ತದ ಮೇಲೆ ಹಾಕಬೇಕು. ಒಟ್ಟು ಬಿಲ್ಲಿನ ಮೇಲೆಯೇ ಹಾಕಿದರೆ 8,000 ಆಗುತ್ತದೆ. ಕಂಪನಿ ಕೊಡಲೊಪ್ಪದ ಹಣದ ಮೇಲೂ ನಮ್ಮಿಂದ ಪಾಲು ಕಿತ್ತ ಹಾಗಾಗುತ್ತದೆ. ಆರೋಗ್ಯ ಸಂಜೀವಿನಿಯಲ್ಲಿ ಇದು ಶೇಕಡಾ 5 ಮಾತ್ರ. ಅರವತ್ತು ದಾಟಿದವರಿಗೆಂದೇ ಮಾರುವ ಪಾಲಿಸಿಗಳಲ್ಲಿ ಶೇಕಡಾ 20 ಸಾಮಾನ್ಯ, ಕೆಲವದರಲ್ಲಿ ಅದಕ್ಕೂ ಹೆಚ್ಚು. ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಬಗೆಯೂ ಇದೆ. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ಹಂಚಿ, ಸಣ್ಣ ಊರಿನವರಿಗೆ ಕಡಿಮೆ ಕಂತು ಹಾಕುತ್ತವೆ. ಪಿರಿಯಾಪಟ್ಟಣದ ವಿಳಾಸ ಕೊಟ್ಟು ಅಗ್ಗಕ್ಕೆ ಪಾಲಿಸಿ ಕೊಂಡವರು ಬೆಂಗಳೂರಿನ ಆಸ್ಪತ್ರೆ ಸೇರಿದರೆ, ಮೇಲಿನ ವಲಯದ ಚಿಕಿತ್ಸೆ ಎಂದು ಪ್ರತ್ಯೇಕ ಕೋ-ಪೇಮೆಂಟ್ ಬೀಳುತ್ತದೆ. ಏಜೆಂಟರು ಕಂತು ಎಷ್ಟು ಕಡಿಮೆ ಎಂದು ಹೇಳುತ್ತಾರೆ, ಯಾಕೆ ಕಡಿಮೆ ಎಂದು ಹೇಳುವವರು ವಿರಳ.

ಇನ್ನು 6,000ದ ನಾನ್-ಪೇಯಬಲ್. ಇದು ನಿಜಕ್ಕೂ ಬಿಚ್ಚಿ ನೋಡಬೇಕಾದ ಗಂಟು. ಪಾಲಿಸಿ ಪುಸ್ತಕದ ಕೊನೆಯಲ್ಲಿ ಒಂದು ಅನುಬಂಧ ಇರುತ್ತದೆ, ಯಾರೂ ಓದದ ಪುಟಗಳು. ಅದರಲ್ಲಿರುವುದು ಪ್ರಾಧಿಕಾರ ರೂಪಿಸಿದ ನಾಲ್ಕು ಪಟ್ಟಿ. ಮೊದಲ ಪಟ್ಟಿಯಲ್ಲಿ 68 ವಸ್ತುಗಳಿವೆ: ಗ್ಲೌಸ್, ಮಾಸ್ಕ್, ಡೈಪರ್, ಕ್ರೇಪ್ ಬ್ಯಾಂಡೇಜ್, ಇಸಿಜಿ ಎಲೆಕ್ಟ್ರೋಡ್, ಮೊಣಕಾಲು ಅಲುಗದಂತೆ ಕಟ್ಟುವ ಇಮ್ಮೊಬಿಲೈಸರ್, ನೆಬ್ಯುಲೈಸರ್ ಕಿಟ್, ಆಸ್ಪತ್ರೆ ರೋಗಿಗೆ ಕೊಡುವ ಪಥ್ಯ ಬಿಟ್ಟು ಬೇರೆ ಊಟ ತಿಂಡಿ, ಮಿನರಲ್ ವಾಟರ್, ಜೆರಾಕ್ಸ್ ಚಾರ್ಜು. ಇವಕ್ಕೆ ಕಂಪನಿ ಕೊಡಬೇಕಾಗಿಲ್ಲ. ಕೊಡಲೇಬಾರದು ಎಂದೂ ಇಲ್ಲ. ಹೆಚ್ಚಿನ ಕಂತಿಗೆ ‘ಕನ್ಸ್ಯೂಮಬಲ್ಸ್’ ರೈಡರ್ ಮಾರಿ ಇವನ್ನೂ ಕೊಡುವ ಕಂಪನಿಗಳಿವೆ. ಗ್ಲೌಸ್ ಇಲ್ಲದೆ ಆಪರೇಷನ್ ಹೇಗೆ ಮಾಡುತ್ತಾರೆ ಎಂಬ ಪ್ರಶ್ನೆ ಸರಿಯಾದದ್ದೇ, ಆದರೆ ಅದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ರೈಡರ್ ಇಲ್ಲದವರ ಪಾಲಿಗೆ ಈ ಹಣ ಹೋದದ್ದೇ.

ಮುಂದಿನ ಮೂರು ಪಟ್ಟಿಗಳ ಕಥೆಯೇ ಬೇರೆ. ಎರಡನೇ ಪಟ್ಟಿಯ ವಸ್ತುಗಳು ಕೋಣೆ ಬಾಡಿಗೆಯಲ್ಲೇ ಸೇರಿರಬೇಕು: ಅಡ್ಮಿಷನ್ ಕಿಟ್, ಗೌನ್, ಹಾಸು ಹೊದಿಕೆ, ಹೌಸ್‌ಕೀಪಿಂಗ್, ಎಸಿ, ಫೈಲ್ ತೆರೆಯುವ ಚಾರ್ಜು, ಡಾಕ್ಯುಮೆಂಟೇಷನ್ ಚಾರ್ಜು, ಡಿಸ್ಚಾರ್ಜ್ ಪ್ರಕ್ರಿಯೆಯ ಚಾರ್ಜು, ಕೈಗೆ ಕಟ್ಟುವ ಹೆಸರಿನ ಪಟ್ಟಿ. ಮೂರನೆಯದರವು ಆಪರೇಷನ್ ಚಾರ್ಜಿನಲ್ಲಿ ಸೇರಿರಬೇಕು: ಹತ್ತಿ, ಗಾಜ್, ಸರ್ಜಿಕಲ್ ಟೇಪ್, ಬ್ಲೇಡು, ಮೂಳೆ ಕೊರೆಯುವ ಡ್ರಿಲ್, ಎಕ್ಸ್‌ರೇ ಫಿಲಂ. ನಾಲ್ಕನೆಯದರವು ಚಿಕಿತ್ಸೆಯ ವೆಚ್ಚದಲ್ಲಿ: ನೋಂದಣಿ ಶುಲ್ಕ, ಸ್ಪಿರಿಟ್, ಯೂರಿನ್ ಬ್ಯಾಗ್. ಇವನ್ನು ಬಿಡಿಬಿಡಿಯಾಗಿ ಬಿಲ್ಲಿಗೆ ಏರಿಸುವುದೇ ತಪ್ಪು. ಆಸ್ಪತ್ರೆ ಏರಿಸುತ್ತದೆ, ಕಂಪನಿ ‘ಇದು ಕೋಣೆ ಬಾಡಿಗೆಯಲ್ಲಿ ಸೇರಿದ್ದು’ ಎಂದು ಕಡಿಯುತ್ತದೆ, ಕಡಿದ ಹಣವನ್ನು ಆಸ್ಪತ್ರೆ ರೋಗಿಯಿಂದ ವಸೂಲಿ ಮಾಡುತ್ತದೆ. ಕೋಣೆಗೆ ಬಾಡಿಗೆಯನ್ನೂ ಕೊಟ್ಟು, ಅದೇ ಕೋಣೆಯ ಕಸ ಗುಡಿಸಿದ್ದಕ್ಕೆ ಪ್ರತ್ಯೇಕವಾಗಿಯೂ ಕೊಟ್ಟಂತಾಯಿತು. ನಮ್ಮ ಲೆಕ್ಕದ 6,000ದಲ್ಲಿ 4,000 ಮೊದಲ ಪಟ್ಟಿಯದು, 2,000 ಈ ಮೂರು ಪಟ್ಟಿಗಳದು ಎಂದುಕೊಂಡರೆ, ಆ 2,000 ಕಟ್ಟುವ ಮೊದಲು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಬೇಕಾದ ಹಣ. ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ನೆಟ್‌ವರ್ಕ್ ಆಸ್ಪತ್ರೆಯಾದರೆ ಇನ್ನೂ ಗಟ್ಟಿಯಾಗಿ ಕೇಳಬಹುದು. ಕಡಿತದ ಕಾರಣದಲ್ಲಿ ‘ಒಪ್ಪಿದ ದರಕ್ಕಿಂತ ಹೆಚ್ಚು’ ಅಥವಾ ‘ಹಾಸ್ಪಿಟಲ್ ಡಿಸ್ಕೌಂಟ್’ ಎಂದಿದ್ದರೆ ಅದು ಕಂಪನಿಗೂ ಆಸ್ಪತ್ರೆಗೂ ನಡುವಿನ ವ್ಯವಹಾರ, ರೋಗಿಯ ತಲೆಗೆ ಬರಬಾರದು.

ಒಂದು ಮಾತು ಬಿಲ್ಲಿಂಗ್‌ನವರ ಬಗ್ಗೆಯೂ ಹೇಳಬೇಕು. ಬಿಲ್ಲಿನಲ್ಲಿ ‘ಆರ್ಥೋ ಕಿಟ್’, ‘ಓಟಿ ಕಿಟ್’ ಎಂದು ಒಂದೇ ಸಾಲಿನಲ್ಲಿ ಮೂರು ಸಾವಿರ ಬರೆದರೆ, ಕಿಟ್ಟಿನೊಳಗೆ ಏನಿತ್ತು ಎಂದು ವಿವರ ಇಲ್ಲದ ಕಾರಣಕ್ಕೇ ಕಂಪನಿ ಪೂರ್ತಿ ತಳ್ಳಿಹಾಕುತ್ತದೆ. ವಿವರ ಇಲ್ಲದ ಕಿಟ್ ಕೂಡ ಮೊದಲ ಪಟ್ಟಿಯಲ್ಲೇ ಇದೆ. ಕಿಟ್ಟಿನಲ್ಲಿ ಹೊಲಿಗೆ ದಾರ, ಸಿರಿಂಜಿನಂಥ ಕೊಡಬೇಕಾದ ವಸ್ತುಗಳೂ ಇರುತ್ತವೆ. ಬಿಡಿಸಿ ಬರೆಸಿದ ಬಿಲ್ಲು ಕೊಟ್ಟರೆ ಅವಕ್ಕೆ ಹಣ ಬರುತ್ತದೆ.

ಕೊನೆಗೆ 14,000ದ ಅನುಪಾತ ಕಡಿತ. ಇದರಲ್ಲಿ ತಪ್ಪು ನುಸುಳುವ ಜಾಗ ಎರಡು, ಎರಡೂ ದೊಡ್ಡವು. 2020ರಲ್ಲಿ ಪ್ರಾಧಿಕಾರ ಸ್ಪಷ್ಟಪಡಿಸಿದ ಪ್ರಕಾರ ಔಷಧಿ ಮತ್ತು ಬಳಕೆ ಸಾಮಾನು, ದೇಹದೊಳಗೆ ಹಾಕುವ ಇಂಪ್ಲಾಂಟ್ ಮತ್ತು ಉಪಕರಣ, ಪರೀಕ್ಷೆಗಳ ಖರ್ಚು ಇವಕ್ಕೆ ಅನುಪಾತ ಕಡಿತ ಹಾಕುವ ಹಾಗಿಲ್ಲ. ಕೋಣೆ ಯಾವುದಾದರೂ ರಾಡಿನ ಬೆಲೆ ಒಂದೇ ಅಲ್ಲವೇ? ಐಸಿಯು ಚಾರ್ಜಿಗೂ ಇದು ತಗಲದು. ನಮ್ಮ ರೈತರ ರಾಡು, ಒಪ್ಪಿದ ಔಷಧಿ, ಪರೀಕ್ಷೆ ಮೂರೂ ಸೇರಿ 59,000. ಕಂಪನಿಯ ಲೆಕ್ಕಿಗ ಇಡೀ ಬಿಲ್ಲಿಗೆ ಶೇಕಡಾ 20 ಎಳೆದಿದ್ದರೆ ಇಲ್ಲೇ 11,800 ರೂಪಾಯಿ ಅನ್ಯಾಯವಾಗಿ ಹೋಗುತ್ತಿತ್ತು. ಪತ್ತೆ ಹಚ್ಚುವುದು ಕಷ್ಟವಲ್ಲ: ಸೆಟಲ್‌ಮೆಂಟ್ ಪತ್ರದಲ್ಲಿ ರಾಡಿನ ಸಾಲನ್ನು ನೋಡಿ. ಬಿಲ್ಲಿನಲ್ಲಿದ್ದ 30,000ದ ಎದುರು 24,000 ಎಂದಿದ್ದರೆ ತಪ್ಪು ಅಲ್ಲಿದೆ.

ಎರಡನೆಯದು, ಎಲ್ಲ ಕೋಣೆಗೂ ಒಂದೇ ದರ ಹಾಕುವ ಆಸ್ಪತ್ರೆಗಳೂ ಇವೆ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ವಿಶೇಷವಾಗಿ. ಕೋಣೆಯ ದರ್ಜೆಗೆ ತಕ್ಕಂತೆ ಫೀಜು ಬದಲಾಗದ ಕಡೆ ಅನುಪಾತ ಕಡಿತ ಹಾಕಲೇಬಾರದು. ‘ನಮ್ಮಲ್ಲಿ ಕೋಣೆಯ ಆಧಾರದ ಮೇಲೆ ಶುಲ್ಕ ಬದಲಾಗುವುದಿಲ್ಲ’ ಎಂದು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಬರೆಸಿಕೊಂಡು ಕಂಪನಿಗೆ ಕಳಿಸಿದರೆ, ನಮ್ಮ ಉದಾಹರಣೆಯಲ್ಲಿ 14,000 ವಾಪಸ್ ಸೇರಿ ಒಪ್ಪಿತ ಮೊತ್ತ 1,49,000 ಆಗುತ್ತದೆ. ಅದಕ್ಕೆ ಶೇಕಡಾ 5 ಕೋ-ಪೇಮೆಂಟ್ ಕಳೆದರೆ ಕೈಗೆ ಬರುವ ಹೆಚ್ಚುವರಿ ಹಣ 13,300. ಹೊಗೆಸೊಪ್ಪಿನ ಮನೆಗೆ ಮಳೆಗಾಲದಲ್ಲಿ ಅದು ಸಣ್ಣ ದುಡ್ಡಲ್ಲ.

ಸರ್ಕಾರದ ಯೋಜನೆ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಲಕ್ಷದ ಪ್ಯಾಕೇಜಿಗೆ 70,000 ಕೈಯಿಂದ. ಹೆಸರು ಹಾಗಿಲ್ಲದಿದ್ದರೂ ಇದು ಕರ್ನಾಟಕದಲ್ಲಿ ನನಗೆ ಗೊತ್ತಿರುವ ಅತಿ ದೊಡ್ಡ ಕೋ-ಪೇಮೆಂಟ್. ಹಾಲಿನ ಡೇರಿ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದದ್ದು. ಸಂಘದಲ್ಲಿ ನೋಂದಣಿ ನಡೆಯುವ ತಿಂಗಳುಗಳಲ್ಲಿ ಮಾತ್ರ ಸೇರಬಹುದು; ಬಿದ್ದ ಮೇಲೆ ಸೇರಲಾಗದು.

ಆಸ್ಪತ್ರೆಗೆ ಹಿಂತಿರುಗೋಣ. ಸೇರಿದ ದಿನ ಬರುವ ಮೊದಲ ಅಪ್ರೂವಲ್ ಒಂದು ಅಂದಾಜು, ಅದೇ ಕೊನೆಯ ಮಾತಲ್ಲ. 2024ರ ಮೇ ತಿಂಗಳಲ್ಲಿ ಬಂದ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ ಆ ಅಪ್ರೂವಲ್ ಒಂದು ಗಂಟೆಯೊಳಗೆ ಬರಬೇಕು, ಡಿಸ್ಚಾರ್ಜಿನ ಅಂತಿಮ ಅಪ್ರೂವಲ್ ಆಸ್ಪತ್ರೆ ಕೇಳಿದ ಮೂರು ಗಂಟೆಯೊಳಗೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಅದೇ ಸುತ್ತೋಲೆ ಇನ್ನೂ ಒಂದು ಹೇಳುತ್ತದೆ: ಕ್ಲೇಮನ್ನು ಪೂರ್ತಿ ತಳ್ಳಿಹಾಕಲಿ, ಭಾಗಶಃ ಕಡಿಯಲಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ರೋಗಿಗೆ ವಿವರವಾಗಿ ತಿಳಿಸಬೇಕು. ಡೆಸ್ಕಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ‘ನಾನ್-ಪೇಯಬಲ್’ ಆ ವಿವರಣೆಯಲ್ಲ.

ಹಾಗಾಗಿ ಹಣ ಕಟ್ಟುವಾಗ ಮೂರು ಕಾಗದ ಕೈಯಲ್ಲಿರಲಿ: ಐಟಂವಾರು ಬಿಲ್ಲು, ಕಡಿತಗಳ ಸಾಲುಸಾಲು ಕಾರಣವಿರುವ ಅಂತಿಮ ಅಪ್ರೂವಲ್ ಪತ್ರ, ನೀವು ಕಟ್ಟಿದ ಹಣದ ರಸೀದಿ. ಡಿಸ್ಚಾರ್ಜ್ ಸಮ್ಮರಿ ಹೇಗೂ ಕೊಡುತ್ತಾರೆ. ಹೊರಡುವ ಗಡಿಬಿಡಿಯಲ್ಲಿ ಜಗಳ ಬೇಡ, ಕಟ್ಟಿಬಿಡಿ. ಕಟ್ಟಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮನೆಗೆ ಬಂದು ತಪ್ಪು ಕಡಿತವನ್ನಷ್ಟೇ ಎತ್ತಿ, ಸಾಲಿನ ಹೆಸರು, ಮೊತ್ತ, ಕಾರಣ ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್ ಕಳಿಸಿ. ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಮರುಪರೀಕ್ಷೆಯ ಬಿಲ್ಲುಗಳನ್ನೂ ಎತ್ತಿಡಿ. ಆರೋಗ್ಯ ಸಂಜೀವಿನಿಯಲ್ಲಿ ಅದಕ್ಕೆ 60 ದಿನಗಳ ಅವಕಾಶವಿದೆ, ಬಹುತೇಕರು ಕೇಳುವುದೇ ಇಲ್ಲ.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ. ಅಲ್ಲಿಗೆ ಹೋಗಲೇಬೇಕೆಂದಿಲ್ಲ, cioins.co.in ತಾಣದಲ್ಲಿ ದೂರು ಹಾಕಬಹುದು, ವಿಚಾರಣೆ ವಿಡಿಯೊದಲ್ಲೂ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಜಾಗವೇ ಇಲ್ಲ. ತೀರ್ಪು ಕೈಸೇರಿದ 30 ದಿನದೊಳಗೆ ಕಂಪನಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ದಂಡ ತೆರಬೇಕು. ಆದರೆ ಒಂಬುಡ್ಸ್‌ಮನ್ ಕೈ ವಿಮಾ ಕಂಪನಿಯ ಮೇಲೆ ಮಾತ್ರ ನಡೆಯುತ್ತದೆ. ಕೋಣೆ ಬಾಡಿಗೆಯಲ್ಲಿ ಸೇರಿರಬೇಕಾದ್ದನ್ನು ಆಸ್ಪತ್ರೆ ಬೇರೆಯಾಗಿ ವಸೂಲಿ ಮಾಡಿದ್ದರೆ ದಾರಿ ಬೇರೆ: ಖಾಸಗಿ ಆಸ್ಪತ್ರೆಗಳಿಗೆಂದೇ ಇರುವ, 2017ರಲ್ಲಿ ತಿದ್ದುಪಡಿಯಾದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಪ್ರಾಧಿಕಾರ, ಇಲ್ಲವೇ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ.

ಒಂಬುಡ್ಸ್‌ಮನ್‌ಗೆ ದೂರು ಕೊಡಲು ಕಂಪನಿ ‘ಆಗುವುದಿಲ್ಲ’ ಎಂದು ಬರೆದು ಕಳಿಸಿದ ದಿನದಿಂದ ಒಂದು ವರ್ಷ ಸಮಯವಿದೆ. ಈ ವರ್ಷದ ಸೊಪ್ಪು ಹರಾಜಾಗುವ ತನಕ ಪುರುಸೊತ್ತಿಲ್ಲ ಎನ್ನುವವರೂ ಆಮೇಲೆ ಫೈಲು ತೆಗೆದು ಕೂರಬಹುದು.